ಉದ್ರಿ ಅಂಗಡಿಗೆ ಎಷ್ಟು ದುಡ್ಡು ಬೇಕು? ನಾನು ಮಾಡಿದ ಅಕ್ಟೋಬರ್ ಲೆಕ್ಕ

ನಮ್ಮ ಅಂಗಡಿಯಿಂದ 100 ರೂಪಾಯಿ ಮಾಲು ಹೊರಗೆ ಹೋದರೆ 30 ರೂಪಾಯಿ ಮಾತ್ರ ಅವತ್ತೇ ಗಲ್ಲಾಕ್ಕೆ ಬೀಳುತ್ತದೆ. ಉಳಿದ 70 ಖಾತೆ ಬುಕ್ಕಿಗೆ ಹೋಗುತ್ತದೆ. ಸಿಂಧನೂರಿನಿಂದ ಮಾನ್ವಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಬೀಜ, ಕ್ರಿಮಿನಾಶಕ, ಕಳೆನಾಶಕದ ಅಂಗಡಿ ಇದೆ. ಸುತ್ತಮುತ್ತ ಎಲ್ಲಾ ತುಂಗಭದ್ರಾ ಎಡದಂಡೆ ನಾಲೆಯ ನೆಲ್ಲಿನ ಗದ್ದೆ. ಇಲ್ಲಿ ಈ ಮಾಲು ಮಾರಬೇಕು ಅಂದ್ರೆ ಸುಗ್ಗಿವರೆಗೆ ಉದ್ರಿ ಕೊಡಲೇಬೇಕು. ಕೊಡದಿದ್ದರೆ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ.

ವ್ಯಾಪಾರ ಚೆನ್ನಾಗೇ ನಡೆಯುತ್ತಿತ್ತು. ಲಾಭವೂ ಇತ್ತು. ಆದರೂ ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಕೈಯಲ್ಲಿ ದುಡ್ಡಿಲ್ಲ. ಕಂಪನಿಯ ಬಾಕಿ ಕಟ್ಟಲು ನೂರಕ್ಕೆ 2 ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತರುವ ಪರಿಸ್ಥಿತಿ. ಬ್ಯಾಂಕಿನಲ್ಲಿ ನಮ್ಮದು 24 ಲಕ್ಷದ ಸಿಸಿ ಖಾತೆ, ಅಂದರೆ ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ. ಅದನ್ನು ನವೀಕರಣ ಮಾಡಿಸುವ ಸಮಯ ಬಂದಾಗ, ಈ ಅಂಗಡಿ ನಡೆಯಲು ನಿಜವಾಗಿ ಎಷ್ಟು ದುಡ್ಡು ಬೇಕು ಅಂತ ನಾನೇ ಕೂತು ಲೆಕ್ಕ ಹಾಕಿದೆ. ಉದ್ರಿ ವ್ಯಾಪಾರ ಮಾಡುವ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಸುತ್ತು ಮಾಡಿದ್ದೇನೆ. ಎಲ್ಲವೂ ಜಿಎಸ್‌ಟಿ ಸೇರಿದ ಬಿಲ್ ಮೊತ್ತಗಳೇ.

ಮೊದಲು, ಆ 24 ಲಕ್ಷ ಎಲ್ಲಿಂದ ಬಂತು ಅನ್ನೋದು. ಚಿಕ್ಕ ವ್ಯಾಪಾರಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಬಳಸುವುದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ. ವರ್ಷಕ್ಕೆ ಎಷ್ಟು ವ್ಯಾಪಾರ ಆಗಬಹುದು ಅಂತ ಅಂದಾಜು ಮಾಡಿ, ಅದರಲ್ಲಿ ನೂರಕ್ಕೆ 25 ಭಾಗ ದುಡಿಯುವ ಬಂಡವಾಳ ಬೇಕು ಅಂತ ಹಿಡಿಯುತ್ತಾರೆ. ಅದರಲ್ಲಿ 20 ಭಾಗ ಬ್ಯಾಂಕಿನದು, 5 ಭಾಗ ನಮ್ಮದು. ನಮ್ಮ ವ್ಯಾಪಾರ ವರ್ಷಕ್ಕೆ 1.20 ಕೋಟಿ. ಅದರ 25 ಭಾಗ 30 ಲಕ್ಷ. ಬ್ಯಾಂಕ್ 24, ನಾವು 6.

ಈ 25 ಭಾಗದ ಹಿಂದೆ ಒಂದು ಊಹೆ ಇದೆ. ಮಾಲು ಕೊಳ್ಳಲು ಹಾಕಿದ ದುಡ್ಡು ಮೂರು ತಿಂಗಳಲ್ಲಿ ವಾಪಸ್ ಬರುತ್ತದೆ, ಅಂದರೆ ವರ್ಷಕ್ಕೆ ನಾಲ್ಕು ಸಲ ತಿರುಗುತ್ತದೆ ಅನ್ನೋ ಊಹೆ. ಕಿರಾಣಿ ಅಂಗಡಿಗೆ ಅದು ಸರಿಹೋಗಬಹುದು. ಆದರೆ ಜುಲೈನಲ್ಲಿ ಕೊಟ್ಟ ಕಳೆನಾಶಕದ ದುಡ್ಡು ಡಿಸೆಂಬರಿನಲ್ಲಿ ಬರುವ ಅಂಗಡಿಗೆ ಹೇಗೆ ಸರಿಹೋಗುತ್ತೆ? ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಸೂತ್ರ ಹೇಳುವುದು ಕನಿಷ್ಠ ಮೊತ್ತವನ್ನು. ನಮ್ಮ ಚಕ್ರ ಮೂರು ತಿಂಗಳಿಗಿಂತ ಉದ್ದ ಇದೆ ಅಂತ ದಾಖಲೆ ಸಮೇತ ತೋರಿಸಿದರೆ ಬ್ಯಾಂಕ್ ಅದಕ್ಕಿಂತ ಜಾಸ್ತಿ ಕೊಡಲು ಅವಕಾಶ ಇದೆ. ತೋರಿಸುವ ಕೆಲಸ ಮಾತ್ರ ನಮ್ಮದು.

ಹಾಗಾಗಿ ನಮ್ಮ ಚಕ್ರ ಎಷ್ಟು ದಿನದ್ದು ಅಂತ ಕಂಡುಹಿಡಿಯಬೇಕಿತ್ತು. ಅದಕ್ಕೆ ಮೂರು ಸಂಗತಿ ಬೇಕು. ಮಾಲು ಗೋಡೌನಿನಲ್ಲಿ ಎಷ್ಟು ದಿನ ಕೂರುತ್ತದೆ, ಉದ್ರಿ ಎಷ್ಟು ದಿನಕ್ಕೆ ವಸೂಲಾಗುತ್ತದೆ, ಕಂಪನಿಗೆ ಎಷ್ಟು ದಿನಕ್ಕೆ ದುಡ್ಡು ಕಟ್ಟುತ್ತೇವೆ. ಮೊದಲಿನ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ, ನಮ್ಮ ದುಡ್ಡು ಎಷ್ಟು ದಿನ ಸಿಕ್ಕಿಹಾಕಿಕೊಂಡಿರುತ್ತದೆ ಅಂತ ಗೊತ್ತಾಗುತ್ತದೆ.

ಮಾಲಿನ ಲೆಕ್ಕ ಸುಲಭ. ತಿಂಗಳ ಕೊನೆಯ ಸ್ಟಾಕನ್ನು ಹನ್ನೆರಡು ತಿಂಗಳಿಗೂ ತೆಗೆದು ಸರಾಸರಿ ಮಾಡಿದರೆ 18 ಲಕ್ಷ ಬಂತು. ನಮ್ಮ ಲಾಭಾಂಶ ನೂರಕ್ಕೆ 10. ಹಾಗಾಗಿ 1.20 ಕೋಟಿ ವ್ಯಾಪಾರದ ಅಸಲು 1.08 ಕೋಟಿ. ಅದಕ್ಕೆ ಹೋಲಿಸಿದರೆ 18 ಲಕ್ಷ ಅಂದ್ರೆ ಸುಮಾರು 61 ದಿನದ ಮಾಲು. ಕಂಪನಿಗಳಿಗೆ ನಾವು ಸರಾಸರಿ 45 ದಿನಕ್ಕೆ ಕಟ್ಟುತ್ತೇವೆ.

ಕಷ್ಟದ ಕೆಲಸ ಉದ್ರಿಯ ದಿನಗಳದ್ದು. ‘ನಿಮ್ಮ ಉದ್ರಿ ಎಷ್ಟು ದಿನಕ್ಕೆ ಬರುತ್ತೆ’ ಅಂತ ಕೇಳಿದರೆ ನಮ್ಮಲ್ಲಿ ಎಲ್ಲರೂ ಹೇಳೋದು ‘ಮೂರು ನಾಲ್ಕು ತಿಂಗಳು’ ಅಂತ. ಆ ಬಾಯಿಮಾತಿನ ಲೆಕ್ಕ ಬ್ಯಾಂಕಿಗೂ ಸಾಲದು, ನಮಗೂ ಸಾಲದು. ಖಾತೆ ಬುಕ್ಕನ್ನೇ ಬಿಚ್ಚಬೇಕು.

ಬಿಚ್ಚಿದಾಗ ಗಮನಿಸಬೇಕಾದ್ದು ಹೀಗಿದೆ. ಚಿಕ್ಕ ಬಾಕಿಗಳು ಬೇಗ ಬರುತ್ತವೆ, ದೊಡ್ಡವು ತಡವಾಗಿ ಬರುತ್ತವೆ. ನಮ್ಮ ಖಾತೆಯ ಒಂದು ಪುಟದಲ್ಲಿ ಎರಡು ಬಿಲ್ ಇದ್ದವು. 4,000 ರೂಪಾಯಿಯ ಬಿಲ್ 40 ದಿನಕ್ಕೆ ತೀರಿತ್ತು. ಅದೇ ರೈತನ 36,000 ರೂಪಾಯಿಯ ಬಿಲ್ 150 ದಿನ ತೆಗೆದುಕೊಂಡಿತ್ತು. ಸುಮ್ನೆ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 95 ದಿನ. ಆದರೆ ಪ್ರತಿ ಬಿಲ್ಲಿನ ಮೊತ್ತವನ್ನು ಅದರ ದಿನಗಳಿಂದ ಗುಣಿಸಿ, ಎಲ್ಲಾ ಕೂಡಿಸಿ, ಒಟ್ಟು ಮೊತ್ತದಿಂದ ಭಾಗಿಸಿದರೆ 139 ದಿನ. ಎರಡರ ನಡುವೆ ಒಂದೂವರೆ ತಿಂಗಳ ಅಂತರ ಇದೆ ಅಲ್ವಾ? ನಮ್ಮ ದುಡ್ಡು ಸಿಕ್ಕಿಬಿದ್ದಿರುವುದು ದೊಡ್ಡ ಬಿಲ್ಲಿನಲ್ಲಿ. ಹಾಗಾಗಿ ತೂಕ ಹಾಕಿ ತೆಗೆದ ಸರಾಸರಿಯೇ ಸರಿ.

ರೈತರು ಒಂದೇ ಸಲ ಪೂರ್ತಿ ಕಟ್ಟುವುದಿಲ್ಲ. 10,000 ಕೊಟ್ಟು ಹೋಗುತ್ತಾರೆ, ಆಮೇಲೆ 5,000. ಅಂಥ ಕಡೆ ಬಂದ ದುಡ್ಡನ್ನು ಮೊದಲು ಹಳೇ ಬಿಲ್ಲಿಗೆ ಜಮಾ ಮಾಡುತ್ತಾ ಹೋದೆ. ಎಲ್ಲಾ ಖಾತೆಗಳನ್ನೂ ಹೀಗೆ ಮಾಡಲು ಆಗಲ್ಲ. ದೊಡ್ಡ ಖಾತೆಗಳನ್ನು ಪೂರ್ತಿ ಮಾಡಿ, ಚಿಕ್ಕವುಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡೆ. ಒಟ್ಟಾರೆ 135 ದಿನ ಅಂತ ಬಂತು.

ಈ 135 ದಿನ ಯಾಕೆ ಅನ್ನೋದು ಊರಿನ ನೀರಿನಲ್ಲೇ ಇದೆ. ನಾಲೆಯ ಮೇಲ್ಭಾಗದವರಿಗೆ ನೀರು ಮೊದಲು ಮುಟ್ಟುತ್ತದೆ, ನಾಟಿ ಬೇಗ ಆಗುತ್ತದೆ, ಕಟಾವು ಬೇಗ. ನಮ್ಮಿಂದ ಕೆಳಗೆ, ಮಾನ್ವಿ, ಸಿರವಾರ ಕಡೆಯ ಕೊನೆಭಾಗದವರಿಗೆ ನೀರು ತಡವಾಗಿ ಬರುತ್ತದೆ. ಅವರ ನಾಟಿಯೂ ತಡ, ನಮ್ಮ ವಸೂಲಿಯೂ ತಡ. ಇನ್ನೊಂದು ಮಾತು. ಕಟಾವು ಆದ ದಿನವೇ ರೈತನ ಕೈಗೆ ದುಡ್ಡು ಬರುವುದಿಲ್ಲ. ಡಿಸೆಂಬರಿನಲ್ಲಿ ಒಬ್ಬ ಹಿರಿಯರು ಅಂಗಡಿ ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿದ್ದರು: ‘ಸಾವ್ಕಾರ್ರೆ, ನೆಲ್ಲು ಹೋಗ್ಯಾದ್ರಿ, ರೊಕ್ಕ ಇನ್ನಾ ಬಂದಿಲ್ರಿ.’ ಅವರದು ನೆಪ ಅಲ್ಲ. ಲಾರಿ ತುಂಬಿಸಿಕೊಂಡು ಹೋದ ವ್ಯಾಪಾರಿಯೂ ಅವರಿಗೆ ಉದ್ರಿ ಹೇಳಿದ್ದ. ಆ ದಿನಗಳೂ ನಮ್ಮ ಲೆಕ್ಕಕ್ಕೇ ಬಂದು ಸೇರುತ್ತವೆ. ಕಟಾವಿನ ತಾರೀಖು ಹಿಡಿದು ವಸೂಲಿ ಅಂದಾಜು ಮಾಡುವವರು ಇದನ್ನು ನೆನಪಿಡಬೇಕು.

ಈಗ ಸರಾಸರಿ ಲೆಕ್ಕ. ವರ್ಷಕ್ಕೆ ಉದ್ರಿ ವ್ಯಾಪಾರ 84 ಲಕ್ಷ. 135 ದಿನದಿಂದ ಗುಣಿಸಿ 365ರಿಂದ ಭಾಗಿಸಿದರೆ ಯಾವಾಗಲೂ ಹೊರಗೆ ಇರುವ ಬಾಕಿ ಸುಮಾರು 31 ಲಕ್ಷ. ಆದರೆ ಈ 31 ಲಕ್ಷ ಮಾರಾಟದ ಬೆಲೆಯಲ್ಲಿ ಇದೆ. ಅದರಲ್ಲಿ 10 ಭಾಗ ನಮ್ಮ ಲಾಭ. ಲಾಭ ನಾವು ಕೈಯಿಂದ ಹಾಕಿದ ದುಡ್ಡಲ್ಲ. ಅದನ್ನು ತೆಗೆದರೆ 28 ಲಕ್ಷ. ಜಿಎಸ್‌ಟಿ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ರೈತ ದುಡ್ಡು ಕೊಡಲಿ ಬಿಡಲಿ, ಬಿಲ್ ಹಾಕಿದ ಮೇಲೆ ತೆರಿಗೆ ಮುಂದಿನ ತಿಂಗಳೇ ಕಟ್ಟಬೇಕು. ಕೊಂಡಾಗ ಕಟ್ಟಿದ ತೆರಿಗೆ ವಜಾ ಆಗುವುದರಿಂದ ಉಳಿಯುವುದು ಲಾಭಾಂಶದ ಮೇಲಿನ ತೆರಿಗೆ ಮಾತ್ರ. ಮೊತ್ತ ಚಿಕ್ಕದು, ಆದರೆ ಹೋಗುವುದು ಕೈಯಿಂದಲೇ.

28 ಲಕ್ಷದ ಉದ್ರಿಗೆ 18 ಲಕ್ಷದ ಸ್ಟಾಕ್ ಸೇರಿಸಿದರೆ 46. ಕಂಪನಿಗೆ ನಾವು ಕೊಡಬೇಕಾದ್ದು, 1.08 ಕೋಟಿ ಖರೀದಿಗೆ 45 ದಿನದಂತೆ, 13 ಲಕ್ಷದ ಆಸುಪಾಸು. ಉಳಿದದ್ದು 33. ಬಾಡಿಗೆ, ಸಂಬಳ, ಜಿಎಸ್‌ಟಿಗೆ ಅಂತ 1 ಲಕ್ಷ ಇಟ್ಟರೆ 34 ಲಕ್ಷ. ಬ್ಯಾಂಕಿನ ಸೂತ್ರ 30 ಹೇಳಿತ್ತು. ವ್ಯತ್ಯಾಸ 4 ಲಕ್ಷ. ಇಷ್ಟೇ ಆಗಿದ್ದರೆ ಪ್ರತಿ ಅಕ್ಟೋಬರಿನಲ್ಲೂ ನಾನು ಯಾಕೆ ಒದ್ದಾಡಬೇಕು?

ಉತ್ತರ ಸಿಕ್ಕಿದ್ದು ತಿಂಗಳುವಾರು ಲೆಕ್ಕದಲ್ಲಿ. ನನ್ನ ಪ್ರಕಾರ ಕೃಷಿ ಸಂಬಂಧದ ಯಾವ ವ್ಯಾಪಾರಕ್ಕೂ ವರ್ಷದ ಸರಾಸರಿ ನಂಬುವಂಥದ್ದಲ್ಲ. ಕೆರೆಯ ಸರಾಸರಿ ಆಳ ಮೂರು ಅಡಿ ಅಂತ ಹೇಳಿದರೆ ಈಜು ಬಾರದವನು ಇಳಿಯಲು ಆಗುತ್ತಾ?

ನಮ್ಮ ವ್ಯಾಪಾರ ಹೀಗಿದೆ. ಜೂನಿನಲ್ಲಿ 8 ಲಕ್ಷ, ಜುಲೈ 15, ಆಗಸ್ಟ್ 22, ಸೆಪ್ಟೆಂಬರ್ 18, ಅಕ್ಟೋಬರ್ 10. ಮುಂಗಾರಿನ ಈ ಐದು ತಿಂಗಳಿಗೆ 73 ಲಕ್ಷ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬೇಸಿಗೆ ಬೆಳೆಗೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ. ಮುಂಗಾರಿನ 73ರಲ್ಲಿ ಉದ್ರಿ 70 ಭಾಗ, ಅಂದರೆ 51 ಲಕ್ಷ. ನವೆಂಬರ್ ಬರುವವರೆಗೆ ಇದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ ಅಂತಲೇ ಹಿಡಿಯಬೇಕು. ಹಿಂದಿನ ಬೆಳೆಯ ಉಳಿಕೆ 3 ಲಕ್ಷ ಸೇರಿಸಿದರೆ ಅಕ್ಟೋಬರ್ 31ಕ್ಕೆ ಖಾತೆ ಬುಕ್ಕಿನಲ್ಲಿ 54 ಲಕ್ಷ ನಿಂತಿರುತ್ತದೆ.

ಲಾಭ ತೆಗೆದರೆ ಸುಮಾರು 49 ಲಕ್ಷ. ಆ ಹೊತ್ತಿಗೆ ಗೋಡೌನ್ ಖಾಲಿಯಾಗಿ ಸ್ಟಾಕ್ 12 ಲಕ್ಷಕ್ಕೆ ಇಳಿದಿರುತ್ತದೆ. ಕಂಪನಿ ಬಾಕಿಯೂ 12 ಲಕ್ಷ. ಒಂದಕ್ಕೊಂದು ವಜಾ. ಖರ್ಚಿಗೆ 1 ಲಕ್ಷ. ಒಟ್ಟು ಬೇಕಾದ್ದು 50 ಲಕ್ಷ. ಸರಾಸರಿ 34, ಆದರೆ ಅಕ್ಟೋಬರಿನಲ್ಲಿ 50. ಬ್ಯಾಂಕಿನವರು ನೋಡುವ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ನಮ್ಮ ಬಾಕಿ 33 ಲಕ್ಷದಷ್ಟೇ ಕಾಣುತ್ತದೆ. ಮುಂಗಾರಿನ ಉದ್ರಿ ಬಹುಪಾಲು ಅಷ್ಟೊತ್ತಿಗೆ ವಸೂಲಾಗಿರುತ್ತದಲ್ಲ. ಅಂದರೆ ನಮ್ಮ ಕಷ್ಟದ ತಿಂಗಳು ಆ ಹಾಳೆಯಲ್ಲಿ ಇರುವುದೇ ಇಲ್ಲ.

ಕಥೆ ಇನ್ನೂ ಮುಗಿದಿಲ್ಲ. ಸಿಸಿ ಮಿತಿ 24 ಲಕ್ಷ ಇದ್ದರೂ ಅಷ್ಟನ್ನೂ ತೆಗೆಯಲು ಆಗುವುದಿಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟ ಮೇಲೆ ಬ್ಯಾಂಕ್ ಡ್ರಾಯಿಂಗ್ ಪವರ್, ಅಂದರೆ ಆಗ ಖಾತೆಯಿಂದ ಎಷ್ಟು ತೆಗೆಯಬಹುದು ಅನ್ನೋದನ್ನು, ಲೆಕ್ಕ ಹಾಕುತ್ತದೆ. ನಮ್ಮ ಮಂಜೂರಾತಿ ಪತ್ರದ ಪ್ರಕಾರ ಸ್ಟಾಕಿನಿಂದ ಕಂಪನಿ ಬಾಕಿ ಕಳೆದು ಉಳಿದದ್ದಕ್ಕೆ ಮಾತ್ರ ಸಾಲ. ಉದ್ರಿಯಲ್ಲಿ 90 ದಿನದ ಒಳಗಿನದನ್ನು ಮಾತ್ರ ಹಿಡಿದು, ಅದರಲ್ಲೂ 40 ಭಾಗ ಕಳೆದು, ಉಳಿದ 60 ಭಾಗಕ್ಕೆ ಸಾಲ.

ಅಕ್ಟೋಬರ್ ಕೊನೆಗೆ ಇದನ್ನು ಹಾಕಿ ನೋಡಿ. ಸ್ಟಾಕ್ 12, ಕಂಪನಿ ಬಾಕಿ 12, ಅಲ್ಲಿ ಸೊನ್ನೆ. ಉದ್ರಿ 54 ಲಕ್ಷ ಇದ್ದರೂ 90 ದಿನದ ಒಳಗಿನದು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು ಮಾತ್ರ. ಅದು 35 ಲಕ್ಷ. ಅದರ 60 ಭಾಗ 21 ಲಕ್ಷ. ಜೂನ್, ಜುಲೈನಲ್ಲಿ ಕೊಟ್ಟ 16 ಲಕ್ಷದ ಉದ್ರಿಯನ್ನು ಬ್ಯಾಂಕ್ ‘ಹಳೆಯದು’ ಅಂತ ಪಕ್ಕಕ್ಕೆ ಇಡುತ್ತದೆ. ಆ ಪೈರು ಇನ್ನೂ ಗದ್ದೆಯಲ್ಲೇ ನಿಂತಿದೆ! ಅದು ಕೆಟ್ಟ ಬಾಕಿ ಅಲ್ಲ, ಇನ್ನೂ ಹಣ್ಣಾಗದ ಬಾಕಿ. 135 ದಿನದ ವಸೂಲಿಗೆ 90 ದಿನದ ನಿಯಮ ಹಾಕಿದರೆ, ದುಡ್ಡು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಡ್ರಾಯಿಂಗ್ ಪವರ್ ಕುಸಿಯುತ್ತದೆ. ನವೆಂಬರಿನಲ್ಲಿ ಆಗಸ್ಟ್ ಉದ್ರಿಯೂ ಹಳೆಯದಾಗಿ ಇನ್ನೂ ಕೆಳಗೆ ಇಳಿಯುತ್ತದೆ. ಖಾತೆಯ ಬಾಕಿ ಡ್ರಾಯಿಂಗ್ ಪವರ್‌ಗಿಂತ ಮೇಲೆ 90 ದಿನ ಬಿಡದೆ ನಿಂತರೆ ಅದು ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುವ ಅಪಾಯವೂ ಉಂಟು.

ನಮ್ಮ ಸ್ವಂತ ಬಂಡವಾಳ 19 ಲಕ್ಷ. ಬ್ಯಾಂಕಿನ 21 ಸೇರಿದರೆ 40. ಬೇಕಾದ್ದು 50. ಪ್ರತಿ ವರ್ಷ ನಾನು ಕೈಸಾಲ ತರುತ್ತಿದ್ದ 10 ಲಕ್ಷದ ಗುಂಡಿ ಇದೇ. ವರ್ಷಗಳಿಂದ ‘ಈ ಸಲ ಯಾಕೋ ದುಡ್ಡು ಓಡುತ್ತಿಲ್ಲ’ ಅಂತ ಹೇಳಿಕೊಳ್ಳುತ್ತಿದ್ದ ಮೊತ್ತ ಕಾಗದದ ಮೇಲೆ ಅಷ್ಟು ಸ್ಪಷ್ಟವಾಗಿ ಬಂದಾಗ ನಿಜಕ್ಕೂ ಸಮಾಧಾನ ಆಯಿತು.

ಇದನ್ನೆಲ್ಲಾ ಆಡಿಟರ್ ಮುಂದೆ ಇಟ್ಟೆ. ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಈ 54 ಲಕ್ಷದಲ್ಲಿ ಎರಡು ಬೆಳೆ ದಾಟಿದ ಬಾಕಿ ಏನಾದರೂ ಇದೆಯಾ?’ ಒಳ್ಳೆಯ ಪ್ರಶ್ನೆ. 2023ರಲ್ಲಿ ಮಳೆ ಕೈಕೊಟ್ಟು, ಜಲಾಶಯ ತುಂಬದೆ ನಮ್ಮ ಕಡೆ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಆ ವರ್ಷದ ಕೆಲವು ಖಾತೆ ಇನ್ನೂ ಹಾಗೇ ಇದ್ದವು. ಅವನ್ನು ನಾನು ಮೊದಲೇ ಬೇರೆ ಪಟ್ಟಿಗೆ ಹಾಕಿದ್ದೆ, 54ರಲ್ಲಿ ಸೇರಿಸಿರಲಿಲ್ಲ. ಯಾಕೆಂದರೆ ಎರಡು ಬೆಳೆ ದಾಟಿದ ಬಾಕಿ ಮತ್ತೆ ಯಾವಾಗ ತಿರುಗುತ್ತದೋ ಹೇಳಲು ಬರುವುದಿಲ್ಲ. ಅದನ್ನು ಸಿಸಿಯಲ್ಲಿ ಹೊತ್ತುಕೊಳ್ಳಬಾರದು, ಸ್ವಂತ ಬಂಡವಾಳದಿಂದ ಹೊರಬೇಕು. ಅದನ್ನೂ ಸೇರಿಸಿ ದಿನಗಳ ಸರಾಸರಿ ತೆಗೆದರೆ 135 ಹೋಗಿ 160, 170 ಆಗುತ್ತದೆ. ಆಗ ಬ್ಯಾಂಕಿನವರಿಗೆ ನಮ್ಮ ಉದ್ರಿಯೇ ಕೆಟ್ಟದ್ದು ಅನಿಸುತ್ತದೆ, ನಮಗೂ ತಪ್ಪು ಅಂಕಿ ಸಿಗುತ್ತದೆ.

ಬ್ಯಾಂಕಿಗೆ ಹೋದಾಗ ‘ಮಿತಿ ಜಾಸ್ತಿ ಮಾಡಿ’ ಅಂತ ಮಾತ್ರ ಕೇಳಲಿಲ್ಲ. ತಿಂಗಳುವಾರು ಹಾಳೆ, ದೊಡ್ಡ ಖಾತೆಗಳ ಬಿಲ್ ತಾರೀಖು ಮತ್ತು ವಸೂಲಿ ತಾರೀಖು ಇಟ್ಟುಕೊಂಡು ಎರಡು ಬೇಡಿಕೆ ಇಟ್ಟೆ. ಮಿತಿ ಏರಬೇಕು, ಅದರ ಜೊತೆಗೆ ಉದ್ರಿಯ 90 ದಿನದ ಷರತ್ತು ಬದಲಾಗಬೇಕು. ಎರಡನೆಯದು ಇಲ್ಲದೆ ಮೊದಲನೆಯದು ಸಿಕ್ಕರೂ ಪ್ರಯೋಜನ ಇಲ್ಲ. ಮಿತಿ 40 ಲಕ್ಷ ಮಾಡಿದರೂ ಅಕ್ಟೋಬರಿನಲ್ಲಿ ತೆಗೆಯಲು ಸಿಗುವುದು 21 ಲಕ್ಷವೇ. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ‘ನಾಲ್ಕು ತಿಂಗಳ ಬಾಕಿ ಅಂದ್ರೆ ಹೇಗ್ರಿ’ ಅಂದರು. ನಾಟಿ, ಕಟಾವು, ವಸೂಲಿ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸಿದ ಮೇಲೆ ಮೇಲಿನ ಕಚೇರಿಗೆ ಬರೆದರು.

ಕೊನೆಗೆ ಸಿಕ್ಕಿದ್ದು 27 ಲಕ್ಷದ ಮಿತಿ ಮತ್ತು 120 ದಿನದವರೆಗಿನ ಉದ್ರಿ. 150 ಕೇಳಿದ್ದೆ, ಅಷ್ಟು ಬರಲಿಲ್ಲ. ಆದರೂ ಈಗ ಜುಲೈ ಉದ್ರಿಯೂ ಲೆಕ್ಕಕ್ಕೆ ಬರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಉದ್ರಿ 45 ಲಕ್ಷ, ಅದರ 60 ಭಾಗ 27 ಲಕ್ಷ. ಮಿತಿಯಷ್ಟೂ ಬಳಸಲು ಆಗುತ್ತದೆ. ಸ್ವಂತದ್ದು 19 ಸೇರಿ 46. ಗುಂಡಿ 10ರಿಂದ 4 ಲಕ್ಷಕ್ಕೆ ಇಳಿಯಿತು.

ಆ 4 ಲಕ್ಷಕ್ಕೆ ಕೈಸಾಲ ತಂದರೆ ತಿಂಗಳಿಗೆ ನೂರಕ್ಕೆ 2ರಂತೆ ನಾಲ್ಕೂವರೆ ತಿಂಗಳಿಗೆ 36,000 ರೂಪಾಯಿ ಬಡ್ಡಿ. ಅದರ ಬದಲು, ಉದ್ರಿಯಲ್ಲಿ ಹೋಗುವ ಮಾಲಿನಲ್ಲಿ 4.4 ಲಕ್ಷದಷ್ಟನ್ನು ನಗದಿಗೆ ತಿರುಗಿಸಿದರೆ ಸಾಕು. ನಗದು ಕೊಟ್ಟವರಿಗೆ ನೂರಕ್ಕೆ 3 ಕಡಿಮೆ ಮಾಡಿದರೆ ನಮಗೆ ಬೀಳುವುದು 13,200. ಪಗಾರ ಬರುವ ಮಕ್ಕಳು ಇರುವ ಮನೆಗಳು, ಹೈನು ಇರುವವರು, ಹತ್ತಿಯೂ ಹಾಕಿದವರು ಇದಕ್ಕೆ ಒಪ್ಪುತ್ತಾರೆ. ನೆಲ್ಲೊಂದನ್ನೇ ನಂಬಿದವರಿಗೆ ಈ ಮಾತು ಹೇಳಿ ಉಪಯೋಗ ಇಲ್ಲ. ಅವರಿಗೆ ಸುಗ್ಗಿವರೆಗೆ ಕೊಡಲೇಬೇಕು, ಕೊಡುತ್ತೇನೆ.

ಬೇಸಿಗೆ ಬೆಳೆಗೆ ಮಾತ್ರ ಹಾಳೆಯನ್ನು ಮೊದಲೇ ತುಂಬಿಡುವುದಿಲ್ಲ. ಎರಡನೇ ಬೆಳೆಗೆ ನೀರು ಬಿಡುವ ಬಗ್ಗೆ ನೀರಾವರಿ ಸಲಹಾ ಸಮಿತಿ ತೀರ್ಮಾನ ಆಗುವವರೆಗೆ ಕಾಯುತ್ತೇನೆ. ನೀರು ಇಲ್ಲ ಅಂತಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ 39 ಲಕ್ಷದ ವ್ಯಾಪಾರದಲ್ಲಿ ಬಹುಪಾಲು ಇರುವುದಿಲ್ಲ. ಮುಂಗಾರಿನ ಉಳಿಕೆ ಬಾಕಿ ಮೇ ತಿಂಗಳಿಗೆ ಬರುವುದೂ ಇಲ್ಲ, ಮುಂದಿನ ಡಿಸೆಂಬರಿಗೆ ಹೋಗುತ್ತದೆ. ಅಂಥ ವರ್ಷ ನವೆಂಬರಿನಲ್ಲೇ ಕಂಪನಿಗಳಿಗೆ ಆರ್ಡರ್ ಕಡಿಮೆ ಮಾಡಿ, ಬಂದ ವಸೂಲಿಯನ್ನು ಮೊದಲು ಸಿಸಿಗೆ ಕಟ್ಟುತ್ತೇನೆ. ಜೂನಿನಲ್ಲಿ ಮತ್ತೆ ಮಾಲು ಎತ್ತಬೇಕಾದಾಗ ಮಿತಿ ಪೂರ್ತಿ ಖಾಲಿ ಇರಬೇಕು. ಇಲ್ಲದಿದ್ದರೆ ಆ ಹಳೇ ಬಾಕಿಯ ಭಾರದ ಮೇಲೆ ಹೊಸ ಮುಂಗಾರಿನ 50 ಲಕ್ಷ ಬಂದು ಕೂರುತ್ತದೆ.